ಮೀಟರ್ ಮೇಲೊಂದು ಮಾತು

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ನಾಗಪುರದ ಹುಡುಗ ಮೊನ್ನೆ ಮೈಸೂರು ರೈಲ್ವೆ ಸ್ಟೇಷನ್ನಿಂದ ಸರಸ್ವತಿಪುರಂಗೆ ಆಟೋದಲ್ಲಿ ಬಂದ. ಕೊಟ್ಟದ್ದು 250 ರೂಪಾಯಿ. ಮೀಟರ್ ಓಡಿದ್ದರೆ ಅದರ ಅರ್ಧವೂ ಆಗುತ್ತಿರಲಿಲ್ಲ. ದುಡ್ಡು ಅವನದು, ಹೊಟ್ಟೆ ಉರಿದದ್ದು ಮಾತ್ರ ನನಗೆ. ಅದಕ್ಕಿಂತ ಜಾಸ್ತಿ ಉರಿಸಿದ್ದು ಅವನ ಖುಷಿ. "ಅಂಕಲ್, ಡ್ರೈವರ್ ತುಂಬಾ ಒಳ್ಳೆಯವರು, ಅರಮನೆ ತೋರಿಸಿಕೊಂಡು ಬಂದರು" ಅಂದ. ಸ್ಟೇಷನ್ನಿಂದ ನಮ್ಮ ಮನೆಗೆ ಬರೋಕೆ ಅರಮನೆ ಯಾಕಪ್ಪಾ ಸಿಗಬೇಕು? ಅದಿರೋದು ಒಂದು ದಿಕ್ಕು, ನಾವಿರೋದು ಇನ್ನೊಂದು ದಿಕ್ಕು.

ಆಟೋದವನಿಗೆ ಏನು ಹೇಳಿದೆ ಅಂತ ಕೇಳಿದೆ. ಹುಡುಗ ಎದೆಯುಬ್ಬಿಸಿ ಒಪ್ಪಿಸಿದ: "ದಯವಿಟ್ಟು ನನ್ನನ್ನು ಸರಸ್ವತಿಪುರಂಗೆ ಕರೆದೊಯ್ಯುವಿರಾ? ಶುಲ್ಕ ಎಷ್ಟಾಗುತ್ತದೆ?"

ಇಷ್ಟು ಶುದ್ಧವಾಗಿ ಕೇಳಿದ ಮೇಲೆ 250 ಕಡಿಮೆಯೇ ಆಯಿತು.

ಅವತ್ತೇ ಸಂಜೆ ಪಾಠ ಶುರು ಮಾಡಿದೆ. ಮೊದಲನೇದು, ಬಾಯಿ ತೆರೆದ ಕೂಡಲೇ "ಎಷ್ಟು" ಅನ್ನಬಾರದು. ಎಷ್ಟು ಅಂತ ಕೇಳುವವನಿಗೆ ಎಷ್ಟಾಗುತ್ತೆ ಅಂತ ಗೊತ್ತಿಲ್ಲ ಅಂತ ಡ್ರೈವರಿಗೆ ಗೊತ್ತಾಗಿಬಿಡುತ್ತೆ. ಊರಿನವರು ಕೇಳೋದು ಹೀಗೆ: "ಅಣ್ಣಾ, ಸರಸ್ವತಿಪುರಂ, ಫೈರ್ ಬ್ರಿಗೇಡ್ ಹತ್ರ. ಬರ್ತೀರಾ?" ಇದರಲ್ಲಿ ಕೆಲಸ ಮಾಡೋದು ಫೈರ್ ಬ್ರಿಗೇಡ್. ಬರೀ ಸರಸ್ವತಿಪುರಂ ಅಂದರೆ ನೀವು ಬೋರ್ಡ್ ಓದಿಕೊಂಡು ಬಂದವರು. ಒಂದು ಗುರುತು ಸೇರಿಸಿದರೆ ಮನೆ ಅಲ್ಲೇ ಇರೋರು ಅಂತ ಲೆಕ್ಕ. ಮೇನು, ಕ್ರಾಸು, ಡೋರ್ ನಂಬರು ಎಲ್ಲ ಹತ್ತಿರ ಬಂದ ಮೇಲೆ ಸಾಕು.

ಅವನು ಬರ್ತೀನಿ ಅಂದ ತಕ್ಷಣ, ಹತ್ತುವ ಮುಂಚೆಯೇ, "ಮೀಟರ್ ಹಾಕ್ತೀರಲ್ವಾ?" ಅನ್ನಬೇಕು. ಕೂತ ಮೇಲೆ ಕೇಳಿದರೆ ಅದು ಪ್ರಾರ್ಥನೆ. ಹಾಕ್ತೀನಿ ಅಂದರೆ ಹಳೇ ಬಾಡಿಗೆ ಅಳಿಸಿ ಹೊಸದಾಗಿ ಶುರು ಮಾಡಿದನಾ ಅಂತ ಒಮ್ಮೆ ಬಗ್ಗಿ ನೋಡಬೇಕು. "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅಂದರೆ ಜಗಳ ಬೇಡ, ಒಪ್ಪಿಕೋ ಅಂದೆ. ಮೀಟರ್ ಓಡಿದರೆ ಅರಮನೆ ಸುತ್ತಿಸೋದೂ ನಿಮ್ಮ ಖರ್ಚೇ ಅನ್ನೋದು ನಿಜ. ಅದಕ್ಕೇ ಹೊರಡುವಾಗ "ಸೀದಾ ಹಳೇ ಡಿಸಿ ಆಫೀಸ್ ಕಡೆಯಿಂದ ಹೋಗಿ" ಅಂತ ಸುಮ್ನೆ ಒಂದು ಮಾತು ಬಿಸಾಕಬೇಕು. ದಾರಿ ಗೊತ್ತಿರೋರ ಧಾಟಿ ಇದ್ದರೆ ಆಯಿತು. ಸ್ಟೇಷನ್ನಿನ ಪ್ರೀಪೇಯ್ಡ್ ಕೌಂಟರ್ ತೆರೆದಿದ್ದರೆ ಇದ್ಯಾವುದೂ ಬೇಡ. ಅಲ್ಲಿ ಕೊಡುವ ಚೀಟಿಯ ಮೇಲೆ ದರ ಇರುತ್ತೆ, ಇಳಿಯೋವರೆಗೂ ಅದನ್ನ ಕೈಬಿಡಬಾರದು.

ಮೀಟರ್ ಹಾಕಲ್ಲ ಅಂದರೆ ಆಗ ಚೌಕಾಸಿ. "ವಾಪಸ್ ಖಾಲಿ ಬರ್ಬೇಕು ಸಾರ್" ಅನ್ನೋದು ಮೊದಲ ಬಾಣ. ಬೋಗಾದಿ ಆಚೆಗೋ ಚಾಮುಂಡಿ ಬೆಟ್ಟಕ್ಕೋ ಆದರೆ ಅದರಲ್ಲಿ ನ್ಯಾಯ ಇದೆ. ಸರಸ್ವತಿಪುರಂನಲ್ಲಿ ಬಾಡಿಗೆ ಸಿಗಲ್ಲ ಅಂದರೆ "ಏನಣ್ಣಾ, ಅಲ್ಲಿ ಸಿಗಲ್ವಾ?" ಅಂತ ನಗಬೇಕು. ಎರಡನೇದು, "ರಾತ್ರಿ ಸಾರ್, ಒಂದೂವರೆ." ಒಂದೂವರೆ ಪಟ್ಟು ಇರೋದು ರಾತ್ರಿ ಹತ್ತಾದ ನಂತರ, ಅದೂ ಮೀಟರ್ ತೋರಿಸಿದ್ದರ ಮೇಲೆ. ಅವನ ಬಾಯಿಗೆ ಬಂದದ್ದರ ಮೇಲೆ ಅಲ್ಲ. ಇದಕ್ಕೆ "ಇನ್ನೂ ಹತ್ತಾಗಿಲ್ವಲ್ಲ ಅಣ್ಣಾ" ಸಾಕು. ಆಮೇಲೆ "ಜಾಸ್ತಿ ಆಯ್ತು, ಎಪ್ಪತ್ತು ಕೊಡ್ತೀನಿ" ಅಂತ ನಮ್ಮದೊಂದು ಸಂಖ್ಯೆ ಇಟ್ಟು, ಎರಡು ಹೆಜ್ಜೆ ಮುಂದೆ ನಡೆಯಬೇಕು. ನಿಧಾನಕ್ಕೆ. ತಿರುಗಿ ನೋಡಬಾರದು.

ಹುಡುಗ ಎಲ್ಲವನ್ನೂ ಬರೆದುಕೊಂಡ. ಪರೀಕ್ಷೆ ಮರುದಿನವೇ, ಅಗ್ರಹಾರ ಸರ್ಕಲ್ಲಿನಲ್ಲಿ. ನಾನು ಸ್ವಲ್ಪ ದೂರದಲ್ಲಿ ಬಾಳೆಹಣ್ಣು ಕೊಳ್ಳುವವನ ಹಾಗೆ ನಿಂತಿದ್ದೆ.

"ಅಣ್ಣಾ, ಸರಸ್ವತಿಪುರಂ, ಫೈರ್ ಬ್ರಿಗೇಡ್ ಹತ್ರ. ಬರ್ತೀರಾ?" ಭೇಷ್ ಅಂದುಕೊಂಡೆ.

"ಬನ್ನಿ. ಎಪ್ಪತ್ತು ಕೊಡಿ." ಪರವಾಗಿಲ್ಲ, ಬೆಳಗ್ಗೆಯ ಹೊತ್ತು, ಬೋಣಿ ಇರಬೇಕು. ಹತ್ತಿದ್ದರೆ ಮುಗಿದೇ ಹೋಗಿತ್ತು. ಆದರೆ ಹುಡುಗನಿಗೆ ಚೌಕಾಸಿ ಮಾಡಲೇಬೇಕು. ಅವನ ಕನ್ನಡ ಸಂಖ್ಯೆಗಳು ಐವತ್ತರವರೆಗೆ ಗಟ್ಟಿ, ಆಮೇಲೆ ಮಂಜು. ಹುಬ್ಬು ಗಂಟು ಹಾಕಿ, ಕೈ ಅಡ್ಡ ಆಡಿಸಿ, "ಜಾಸ್ತಿ ಆಯ್ತು ಅಣ್ಣಾ! ಎಂಬತ್ತು!" ಅಂದ.

ಡ್ರೈವರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಹೀಗೆ ಆಗಿರಲಾರದು. ಆದರೂ ಆಸಾಮಿ ಪ್ರಾಮಾಣಿಕ, "ಎಪ್ಪತ್ತೇ ಸಾಕು ಸಾರ್" ಅಂದ. ಹುಡುಗ ಬಿಡಬೇಕಲ್ಲ! "ಆಗಲ್ಲ ಅಣ್ಣಾ. ಎಂಬತ್ತು. ಲಾಸ್ಟ್." ಅಂದವನೇ ಎರಡು ಹೆಜ್ಜೆ ನಡೆದ. ನಿಧಾನಕ್ಕೆ. ತಿರುಗಿ ನೋಡಲೂ ಇಲ್ಲ. ಪಾಠ ಅಂದರೆ ಪಾಠ. ಹಿಂದಿನ ಆಟೋದವರು ಇಳಿದು ಬಂದು ನಿಂತರು. ಒಬ್ಬರಂತೂ "ಪಾಪ, ಅಷ್ಟು ಕೇಳ್ತಿದಾರೆ, ಒಪ್ಕೊಳ್ಳೋ" ಅಂತ ಪಂಚಾಯ್ತಿಗೇ ನಿಂತರು. ಕೊನೆಗೆ ಡ್ರೈವರ್ ಕೈ ಮುಗಿದು "ಆಯ್ತು ಬನ್ನಿ ಸಾರ್, ನಿಮ್ಮಿಷ್ಟ" ಅಂದ. ಹುಡುಗ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ನಾನು ಬಾಳೆಹಣ್ಣಿನ ಗೊನೆ ಹಿಂದೆ ಮುಖ ಮುಚ್ಚಿಕೊಂಡೆ.

ಎಪ್ಪತ್ತು, ಎಂಬತ್ತು ಕಿವಿಗೆ ಗಟ್ಟಿಯಾಗೋವರೆಗೆ ಫೋನಿನಲ್ಲಿ ಅಂಕಿ ಒತ್ತಿ ತೋರಿಸು ಅಂತ ಹೇಳಿದ್ದೇನೆ.

ನನಗೆ ಇದಕ್ಕಿಂತ ಕಷ್ಟ ಅನ್ನಿಸೋದು "ನೋಡಿ ಕೊಡಿ ಸಾರ್" ಅನ್ನುವವರು. ಎಷ್ಟಾಗುತ್ತೆ ಅಂದರೂ ಅದೇ, ಇಳಿದ ಮೇಲೂ ಅದೇ. ನೀವು ನೋಡಿ ಕೊಟ್ಟರೆ ಅವನು ನೋಟನ್ನೇ ನೋಡುತ್ತಾ ಕೂರುತ್ತಾನೆ. ತಿರುಗಿಸಿ ನೋಡುತ್ತಾನೆ. "ಏನ್ ಸಾರ್ ಇದು" ಅನ್ನುತ್ತಾನೆ, ಬೈಗುಳ ಇಲ್ಲದೆ, ಬರೀ ಬೇಸರದಲ್ಲಿ. ಆಗ ಇನ್ನೊಂದು ಇಪ್ಪತ್ತು ಕೈಯಿಂದ ಜಾರುತ್ತೆ. ಇದಕ್ಕೆ ಹತ್ತುವಾಗಲೇ "ನೋಡಿ ಕೊಡೋದು ಬೇಡ, ಹೇಳ್ಬಿಡಿ ಅಣ್ಣಾ" ಅನ್ನೋದೊಂದೇ ದಾರಿ.

ನಮ್ಮಪ್ಪನ ಕಾಲದಲ್ಲಿ ಟಾಂಗಾದವರು ಇದನ್ನೇ ಕುದುರೆ ಮೇಲೆ ಹಾಕುತ್ತಿದ್ದರು. "ನನಗೇನೂ ಬೇಡ ಸ್ವಾಮಿ, ಅದರ ಹುಲ್ಲಿಗೆ ಕೊಡಿ." ಅಪ್ಪ ಪೈಸೆಗೂ ಜಗ್ಗಾಡುತ್ತಿದ್ದ ಮನುಷ್ಯ, ಕುದುರೆ ಅಂದರೆ ಸೋಲುತ್ತಿದ್ದರು. ನಾನು ಇಳಿದು ಅದರ ಕತ್ತು ಮುಟ್ಟುತ್ತಿದ್ದೆ, ಬೆವರಿಗೆ ಕೈ ಅಂಟುತ್ತಿತ್ತು. ಈಗ "ಗ್ಯಾಸ್ ರೇಟ್ ಜಾಸ್ತಿ ಸಾರ್" ಅಂತಾರೆ. ಅದೂ ನಿಜವೇ, ಆದರೆ ಸಿಲಿಂಡರಿನ ಕತ್ತು ಸವರೋಕೆ ಆಗಲ್ಲ.

ಆ್ಯಪಿನಲ್ಲಿ ಕ್ಯಾಬ್ ಕರೆದರೆ ಚೌಕಾಸಿ ಇಲ್ಲ ಅಂತ ಹುಡುಗ ಅಂದುಕೊಂಡಿದ್ದ. ಫೋನ್ ಬರುತ್ತೆ: "ಎಲ್ಲಿಗೆ ಡ್ರಾಪ್ ಸಾರ್? ಕ್ಯಾಶಾ, ಆನ್‌ಲೈನಾ?" ಉತ್ತರ ಹಿಡಿಸದಿದ್ದರೆ "ನೀವೇ ಕ್ಯಾನ್ಸಲ್ ಮಾಡ್ಕೊಳ್ಳಿ." ನಾವು ಮಾಡಿದರೆ ಕೆಲವು ಸಲ ದಂಡ ನಮ್ಮ ತಲೆಗೇ. "ಬರಲ್ಲ ಅಂದೋರು ನೀವು, ನೀವೇ ಮಾಡಿ ಅಣ್ಣಾ" ಅಂತ ಇಡಬೇಕು. ಇದನ್ನ ಹುಡುಗ ಒಂದೂ ತಪ್ಪಿಲ್ಲದೆ ಕಲಿತ.

ನಿನ್ನೆ ಬಂದು ಮತ್ತೊಂದು ಕೇಳಿದ. "ಅಂಕಲ್, ದಸರಾ ಟೈಮಲ್ಲಿ ಡಬಲ್ ಕೇಳ್ತಾರಂತೆ. ಯಾಕೆ ಅಂದರೆ 'ದಸರಾ ಸಾರ್' ಅಂತಾರಂತೆ. ಅದಕ್ಕೆ ಏನು ಹೇಳಬೇಕು?"

ಜಂಬೂಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆಯೇ ಬಂದ್. ಆಟೋದವನೂ ಸುತ್ತಿಯೇ ಬರಬೇಕು, ಅವನ ಮಾತಿಗೆ ಎದುರು ಮಾತಿಲ್ಲ.

"ಏನೂ ಹೇಳಬೇಡ, ನಡ್ಕೊಂಡು ಬಾ" ಅಂದೆ. ಅದನ್ನೂ ಬರೆದುಕೊಂಡ.