ಛೇದವಿಲ್ಲದ ಭಿನ್ನರಾಶಿ

ಧಾರವಾಡದ ಸಪ್ತಾಪುರದಲ್ಲಿ ಬೆಳಗ್ಗೆ ತಿರುಗಾಡಲು ಹೊರಟವನು ಹೆಜ್ಜೆಹೆಜ್ಜೆಗೂ ಯಾರದಾದರೊಂದು ನಗುಮುಖವನ್ನು ನೋಡಿಕೊಂಡೇ ಹೋಗಬೇಕಾಗುತ್ತದೆ. ವಿದ್ಯುತ್ ಕಂಬ, ಮೆಸ್ಸಿನ ಗೋಡೆ, ಝೆರಾಕ್ಸ್ ಅಂಗಡಿಯ ತಗಡು ಎಲ್ಲದರ ಮೇಲೂ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಗೆದ್ದವರ ಭಾವಚಿತ್ರಗಳಿರುತ್ತವೆ. ಒಮ್ಮೆ ಒಬ್ಬಳೇ ಹುಡುಗಿ ಮೂರು ಬೇರೆ ಬೇರೆ ತರಬೇತಿ ಕೇಂದ್ರಗಳ ಫ್ಲೆಕ್ಸುಗಳಲ್ಲಿ ಒಂದೇ ನಗೆ ನಗುತ್ತಿದ್ದುದನ್ನು ಕಂಡು, ಈಕೆ ದಿನಕ್ಕೆ ಎಷ್ಟು ಹೊತ್ತು ಎಲ್ಲೆಲ್ಲಿ ಕುಳಿತು ಓದಿದಳಪ್ಪಾ ಎಂದು ನಿಂತು ಯೋಚಿಸಿದ್ದೆ. ಅದರ ಉತ್ತರ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಇಂಥ ತರಬೇತಿ ಕೇಂದ್ರವೊಂದಕ್ಕೆ ನಾನೇ ಪತ್ರ ಬರೆದುಕೊಡಬೇಕಾಗಿ ಬಂದಾಗ.

ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಐಎಎಸ್, ಕೆಎಎಸ್ ಎರಡಕ್ಕೂ ಒಟ್ಟಿಗೆ ತರಬೇತಿ ಕೊಡುವ ಸಣ್ಣ ಕೇಂದ್ರವನ್ನು ನಡೆಸುತ್ತಾನೆ. ಹೊಸ ಬ್ಯಾಚು ಆರಂಭವಾಗುವ ಮುನ್ನ ಸುತ್ತಲಿನ ಪದವಿ ಕಾಲೇಜುಗಳಿಗೂ ಪಾಲಕರಿಗೂ ಕಳಿಸಲು ಅವನಿಗೊಂದು ಪತ್ರ ಬೇಕಾಗಿತ್ತು. “ಸರ, ಓದಿದ ಹುಡುಗ ಎದ್ದು ಬ್ಯಾಗ್ ಕಟ್ಟಬೇಕ್ರಿ. ಆದ್ರ ಸುಳ್ಳು ಒಂದಕ್ಷರ ಇರಬಾರದು” ಎಂದ. ಈ ಎರಡು ಬೇಡಿಕೆಗಳು ಒಂದೇ ಹಾಳೆಯಲ್ಲಿ ಒಗ್ಗಿ ಬಾಳಲಾರವು ಎಂಬುದು ಅವನಿಗೂ ಗೊತ್ತಿತ್ತು. ಅದಕ್ಕೇ ಇರಬೇಕು, ಶುಲ್ಕದ ಮಾತೆತ್ತದೆ ಒಂದು ಕಿಲೋ ಫೇಡೆ ಇಟ್ಟು ಹೋದ.

ಮೊದಲು ಭಾವಚಿತ್ರಗಳ ವಿಷಯವನ್ನು ತೀರ್ಮಾನಿಸಬೇಕಿತ್ತು. ಅವನ ಬಳಿ ನಾಲ್ವರು ಯಶಸ್ವಿಗಳ ಚಿತ್ರಗಳಿದ್ದವು. ಒಬ್ಬೊಬ್ಬರ ಹಿಂದಿನ ಕಥೆಯನ್ನು ಕೇಳುತ್ತ ಹೋದೆ. ಒಬ್ಬನು ಪೂರ್ತಿ ಹತ್ತು ತಿಂಗಳು ಇವನ ತರಗತಿಯಲ್ಲಿ ಕುಳಿತವನು, ಇಬ್ಬರು ಅಣಕು ಪರೀಕ್ಷೆಗಳನ್ನು ಮಾತ್ರ ಬರೆದವರು. ನಾಲ್ಕನೆಯವನು ಬರವಣಿಗೆಯ ಪರೀಕ್ಷೆಯನ್ನೆಲ್ಲ ಬೇರೆಲ್ಲೋ ಓದಿ ಪಾಸಾಗಿ, ಸಂದರ್ಶನಕ್ಕೆ ಮುನ್ನ ಎರಡು ದಿನ ಬಂದು ಇವನ ಎದುರು ಕೋಟು ಹಾಕಿಕೊಂಡು ಕುಳಿತು ಹೋದವನು. ಆಗ ನನಗೆ ಆ ಮೂರು ಫ್ಲೆಕ್ಸುಗಳ ಹುಡುಗಿ ನೆನಪಾದಳು. ಅವಳು ಮೂರೂ ಕಡೆ ಓದಿರಬೇಕಾಗಿರಲಿಲ್ಲ, ಮೂರೂ ಕಡೆ ಅಣಕು ಸಂದರ್ಶನಕ್ಕೆ ಹೋಗಿದ್ದರೆ ಸಾಕಾಗಿತ್ತು.

ಸಂದರ್ಶನದ ಮಾರ್ಗದರ್ಶನವನ್ನು ಎಷ್ಟೋ ಕೇಂದ್ರಗಳು ಉಚಿತವಾಗಿಯೇ ಕೊಡುತ್ತವೆ. ಈ ಔದಾರ್ಯದ ಮೂಲ ಸಣ್ಣದೊಂದು ಲೆಕ್ಕದಲ್ಲಿದೆ. ಕೇಂದ್ರ ಲೋಕಸೇವಾ ಆಯೋಗದ 2023ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸಂದರ್ಶನಕ್ಕೆ ಅರ್ಹರಾದವರು 2,855 ಮಂದಿ, ಕೊನೆಗೆ ಆಯ್ಕೆಯಾದವರು 1,016 ಮಂದಿ. ಎಂದರೆ ಆ ಹಂತ ಮುಟ್ಟಿದವರಲ್ಲಿ ಮೂವರಿಗೆ ಒಬ್ಬರಿಗಿಂತ ತುಸು ಹೆಚ್ಚೇ ಗೆಲ್ಲುತ್ತಾರೆ. ಯಾರಾದರೂ ಅಂಥ ಮುನ್ನೂರು ಮಂದಿಯನ್ನು ಕರೆದು, ಏನನ್ನೂ ಕಲಿಸದೆ, ಬರಿಯ ಚಹಾ ಕುಡಿಸಿ ಕಳಿಸಿದರೂ ಫಲಿತಾಂಶದ ದಿನ ನೂರು ಭಾವಚಿತ್ರಗಳು ಅವರ ಕೈಸೇರುತ್ತವೆ. ಚಹಾ ಕುಡಿದವರು ಮುನ್ನೂರು ಎಂಬುದನ್ನಾಗಲಿ, ಅವರು ಚಹಾಕ್ಕಷ್ಟೇ ಬಂದಿದ್ದರು ಎಂಬುದನ್ನಾಗಲಿ ಫ್ಲೆಕ್ಸು ಹೇಳುವುದಿಲ್ಲ. ಶಾಲೆಯಲ್ಲಿ ನಾವು ಕಲಿತ ಭಿನ್ನರಾಶಿಗೆ ಮೇಲೊಂದು ಅಂಶ, ಕೆಳಗೊಂದು ಛೇದ ಇರುತ್ತಿತ್ತು. ಸಪ್ತಾಪುರದ ಭಿನ್ನರಾಶಿಗೆ ಅಂಶ ಮಾತ್ರ ಇದೆ, ಅದೂ ಬಣ್ಣದಲ್ಲಿ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಮುಟ್ಟಿದ್ದು ಈ ಜಾಗವನ್ನೇ. ಯಶಸ್ವಿಯಾದವರ ಹೆಸರನ್ನೋ ಚಿತ್ರವನ್ನೋ ಬಳಸಬೇಕಾದರೆ ಅವರು ಆಯ್ಕೆಯಾದ ಮೇಲೆಯೇ ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು, ಅವರು ಓದಿದ್ದು ಯಾವ ಕೋರ್ಸು, ಎಷ್ಟು ಅವಧಿ, ಹಣ ಕೊಟ್ಟೋ ಕೊಡದೆಯೋ ಎಂಬುದನ್ನು ಚಿತ್ರದ ಜೊತೆಗೇ ತಿಳಿಸಬೇಕು ಎಂದು ಅದು ಹೇಳುತ್ತದೆ. ಷರತ್ತುಗಳನ್ನು ಇರುವೆಗಾತ್ರದ ಅಕ್ಷರಗಳಲ್ಲಿ ಮೂಲೆಗೆ ತಳ್ಳುವಂತೆಯೂ ಇಲ್ಲ. ನಾನು ಇದನ್ನು ಓದಿ ಹೇಳಿದಾಗ ನನ್ನ ಶಿಷ್ಯ ಬೆರಳು ಮಡಿಸಿ ಏನನ್ನೋ ಎಣಿಸಿದ. “ಅಷ್ಟೆಲ್ಲಾ ಬರದ್ರ ಫೋಟೋಕ್ಕ ಜಾಗಾನ ಉಳಿಯೂದಿಲ್ರಿ ಸರ” ಎಂದ. ಕೊನೆಗೆ ಪತ್ರದಲ್ಲಿ ಉಳಿದದ್ದು ಹತ್ತು ತಿಂಗಳು ಕುಳಿತವನೊಬ್ಬನೇ. ಅವನ ಹೆಸರಿನ ಕೆಳಗೆ, ಆ ವರ್ಷ ತರಗತಿಯಲ್ಲಿ ಒಟ್ಟು ಎಷ್ಟು ಮಂದಿ ಇದ್ದರು ಎಂಬ ಸಂಖ್ಯೆಯನ್ನು ನಾನು ಹಾಜರಿ ಪುಸ್ತಕ ನೋಡಿ ಸೇರಿಸಿದೆ. ಶಿಷ್ಯ ಒಂದು ಫೇಡೆ ತಿಂದು ನೀರು ಕುಡಿದ.

ಪತ್ರದ ಎರಡನೆಯ ಭಾಗ ತರಬೇತಿಯಲ್ಲಿ ಏನು ಕೊಡುತ್ತೇವೆ ಎಂಬುದು. ಅವನ ಹಳೆಯ ಕರಪತ್ರದಲ್ಲಿ ‘ವಾರಕ್ಕೆ ನಾಲ್ಕು ಮುಖ್ಯಪರೀಕ್ಷೆ ಉತ್ತರಗಳ ವೈಯಕ್ತಿಕ ಮೌಲ್ಯಮಾಪನ’ ಎಂಬ ಸಾಲಿತ್ತು. ಕೇಳಲು ಚೆನ್ನಾಗಿದ್ದ ಆ ಸಾಲನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ನನಗೂ ಇತ್ತು. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದಾದ್ದರಿಂದ ಸುಮ್ಮನಿರಲಾಗಲಿಲ್ಲ. ಅವನ ಪಾಠದ ಕೋಣೆಯಲ್ಲಿ 90 ಕುರ್ಚಿಗಳಿವೆ. ತಲೆಗೆ ನಾಲ್ಕರಂತೆ ವಾರಕ್ಕೆ 360 ಉತ್ತರಗಳಾದವು. ನೂರೈವತ್ತು ಪದಗಳ ಒಂದು ಉತ್ತರವನ್ನು ಓದಿ, ಪೀಠಿಕೆ ಉದ್ದವಾಯಿತು, ಪ್ರಶ್ನೆ ಕೇಳಿದ್ದು ‘ವಿಮರ್ಶಿಸಿ’ ಎಂದು, ನೀನು ವಿವರಿಸಿದ್ದೀಯ ಎಂದು ಅಂಚಿನಲ್ಲಿ ಬರೆಯಲು ಆರು ನಿಮಿಷವಾದರೂ ಬೇಕು. ಎಲ್ಲ ಸೇರಿ 36 ಗಂಟೆ. ತಿದ್ದುವವರು ಅವನಲ್ಲಿ ಇಬ್ಬರೇ, ಅವರಿಬ್ಬರೂ ಪಾಠವನ್ನೂ ಮಾಡುವವರು. ವಾರಕ್ಕೆ ತಲಾ ಹದಿನೆಂಟು ಗಂಟೆ ಕೆಂಪು ಪೆನ್ನು ಹಿಡಿದರೆ ಮೂರನೆಯ ವಾರದಿಂದ ಅಂಚಿನ ಟಿಪ್ಪಣಿಗಳು ‘ಗುಡ್’ ಎಂದೋ ‘ಇಂಪ್ರೂವ್’ ಎಂದೋ ಕುಗ್ಗುತ್ತವೆ, ಐದನೆಯ ವಾರದಿಂದ ಬರಿಯ ಟಿಕ್ ಗುರುತು ಉಳಿಯುತ್ತದೆ. ಹಾಗೆಯೇ ಆಗಿತ್ತು ಎಂದು ಅವನೇ ಒಪ್ಪಿಕೊಂಡ. ಯಾವುದೇ ತರಬೇತಿ ಕೇಂದ್ರದ ಯೋಗ್ಯತೆಯನ್ನು ಅಳೆಯಬೇಕೆನ್ನುವವರು ಗೋಡೆಯ ಚಿತ್ರಗಳನ್ನು ಬಿಟ್ಟು, ಹಳೆಯ ವಿದ್ಯಾರ್ಥಿಯೊಬ್ಬನ ಆರನೆಯ ವಾರದ ಉತ್ತರಪತ್ರಿಕೆಯನ್ನು ತರಿಸಿ ನೋಡುವುದು ಒಳ್ಳೆಯದು. ನಾವು ನಾಲ್ಕನ್ನು ಎರಡಕ್ಕೆ ಇಳಿಸಿದೆವು. ‘ವಾರಕ್ಕೆ ಎರಡು ಉತ್ತರ, ಏಳು ದಿನಗಳೊಳಗೆ ವಾಪಸು, ತಿದ್ದಿದವರ ಸಹಿಯೊಂದಿಗೆ’ ಎಂದು ಬರೆದೆ.

ಹೆಚ್ಚು ಜಗಳವಾದದ್ದು ‘ಕನ್ನಡದಲ್ಲೇ ಐಎಎಸ್’ ಎಂಬ ಶೀರ್ಷಿಕೆಯ ಬಗ್ಗೆ. ಕನ್ನಡದ ಮೇಷ್ಟ್ರಾದ ನನಗೆ ಅದನ್ನು ಹೊಡೆದುಹಾಕಲು ಕೈ ಬರಲಿಲ್ಲ, ಉಳಿಸಲು ಮನಸ್ಸೂ ಬರಲಿಲ್ಲ. ಮುಖ್ಯಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಆದರೆ ಅದಕ್ಕೂ ಮೊದಲು ದಾಟಬೇಕಾದ ಪ್ರಿಲಿಮ್ಸಿನ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರ ಎರಡನೆಯ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ ಉದ್ದುದ್ದ ಇಂಗ್ಲಿಷ್ ಗದ್ಯಭಾಗಗಳನ್ನು ಓದಿ ಶೇಕಡಾ 33 ಅಂಕ ಗಳಿಸದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಬಂದಿದ್ದರೂ ಲೆಕ್ಕಕ್ಕಿಲ್ಲ. ಬಿ.ಎ.ವರೆಗೂ ಕನ್ನಡದಲ್ಲೇ ಓದಿ ಬಂದ ರೋಣದ ಹುಡುಗನಿಗೆ ಇದನ್ನು ಹೇಳದೆ ಹಣ ತೆಗೆದುಕೊಂಡರೆ ಅವನು ಎಡವುವುದು ಈ ಹೊಸ್ತಿಲಲ್ಲೇ. ಆದ್ದರಿಂದ ಶೀರ್ಷಿಕೆಯನ್ನು ಉಳಿಸಿ, ಅದರ ಕೆಳಗೇ ಅಷ್ಟೇ ದಪ್ಪ ಅಕ್ಷರಗಳಲ್ಲಿ ಹೀಗೆ ಸೇರಿಸಿದೆ: ‘ಆದರೆ ಪ್ರಿಲಿಮ್ಸ್ ಇಂಗ್ಲಿಷಿನಲ್ಲಿ, ಅದಕ್ಕಾಗಿ ಮೊದಲ ಎರಡು ತಿಂಗಳು ದಿನಕ್ಕೊಂದು ಗಂಟೆ ಇಂಗ್ಲಿಷ್ ಗದ್ಯ ಓದಿಸುತ್ತೇವೆ.’ ಶಿಷ್ಯನಿಗೆ ಈ ಸಾಲು ಹಿಡಿಸಿತು. ಅಂಜಿಕೆಯ ಮಾತಿನ ಜೊತೆಗೇ ಮಾಡಬಹುದಾದ ಕೆಲಸವೊಂದನ್ನೂ ಹೇಳಿಬಿಟ್ಟರೆ ಓದುವವನು ಪತ್ರವನ್ನು ಕೆಳಗಿಡುವುದಿಲ್ಲ ಎಂದು ಅವನಿಗೆ ಅನ್ನಿಸಿತಂತೆ.

ಕೆಎಎಸ್ ವಿಷಯದಲ್ಲಿ ಹೇಳಬೇಕಾದದ್ದು ಬೇರೆ. ಅಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಕಾಯುವುದೇ ಅಲ್ಲಿನ ಕಷ್ಟ. 2020ರಲ್ಲಿ 106 ಹುದ್ದೆಗಳಿಗೆ ಅಧಿಸೂಚನೆ ಬಂದ ಮೇಲೆ ಮುಂದಿನ 384 ಹುದ್ದೆಗಳ ಅಧಿಸೂಚನೆ ಬಂದದ್ದು 2024ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ನಡೆದ ಪ್ರಿಲಿಮ್ಸನ್ನು ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರಿನಲ್ಲಿ ಮತ್ತೊಮ್ಮೆ ನಡೆಸಬೇಕಾಯಿತು. ಹೀಗಾಗಿ ‘ನಮ್ಮ ಪಾಠ ಹತ್ತು ತಿಂಗಳಿಗೆ ಮುಗಿಯುತ್ತದೆ, ಪರೀಕ್ಷೆ ಯಾವಾಗ ಎಂಬುದು ನಮ್ಮ ಕೈಯಲ್ಲಿಲ್ಲ, ಆ ನಡುವಿನ ಬಾಡಿಗೆ ಮತ್ತು ಮೆಸ್ಸಿನ ಖರ್ಚನ್ನು ಲೆಕ್ಕ ಹಾಕಿಕೊಂಡು ಬನ್ನಿ’ ಎಂದು ಬರೆದೆ. ಈ ಸಾಲು ಪಾಲಕರಿಗಾಗಿ.

‘ಕೆಲವೇ ಸೀಟುಗಳು ಬಾಕಿ’ ಎಂಬ ಸಾಲನ್ನು ತೆಗೆದೆ, ಏಕೆಂದರೆ ಆ ದಿನ 90 ಕುರ್ಚಿಗಳಲ್ಲಿ 31 ಮಾತ್ರ ತುಂಬಿದ್ದವು. ಶುಲ್ಕವನ್ನು ಮೂರು ಕಂತುಗಳಾಗಿಸಿ, ನಡುವೆ ಬಿಟ್ಟುಹೋದವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳಲ್ಲಿ ಹಿಂತಿರುಗಿಸುವುದಾಗಿ ಸೇರಿಸಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ ಇದೇ ಮಾತಿದೆ ಎಂದಾಗ ಶಿಷ್ಯ ಗೊಣಗದೆ ಒಪ್ಪಿದ.

ಕೊನೆಗೆ, ಪ್ರಾಮಾಣಿಕತೆಯ ಹುರುಪು ನನಗೆ ಸ್ವಲ್ಪ ಹೆಚ್ಚಾಗಿಯೇ ಏರಿತ್ತೆಂದು ಕಾಣುತ್ತದೆ, ಪತ್ರದ ತಲೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಛೇದವನ್ನೇ ಕೂರಿಸಿದೆ: ‘2023ರಲ್ಲಿ ಅರ್ಜಿ ಹಾಕಿದವರು 10,16,850, ಆಯ್ಕೆಯಾದವರು 1,016. ಎಂದರೆ ಸಾವಿರಕ್ಕೊಬ್ಬರು.’ ಶಿಷ್ಯ ಬೆವರಿದ. “ಸರ, ಇದನ್ನ ಓದಿದ್ರ ಹುಡುಗ್ರು ಬ್ಯಾಗ್ ಕಟ್ಟೂದಿಲ್ಲ, ಬಿಚ್ಚತಾರ” ಎಂದ. ನಾನು ಜಗ್ಗಲಿಲ್ಲ. ಎರಡು ಸಾವಿರ ಪ್ರತಿಗಳು ಅಚ್ಚಾದವು.

ಎರಡು ವಾರಗಳ ನಂತರ ಅವನ ಕಚೇರಿಯಲ್ಲಿ ಕುಳಿತಿದ್ದಾಗ ಸವದತ್ತಿಯ ಕಡೆಯ ಹುಡುಗಿಯೊಬ್ಬಳು ತಂದೆಯೊಂದಿಗೆ ಬಂದಳು. ತಂದೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಗ್ಯಾರಂಟಿ ಏನರ ಐತೇನ್ರಿ?” ಎಂದು ಕೇಳಿದರು. ಶಿಷ್ಯ ಬಾಯಿ ತೆರೆಯುವ ಮೊದಲೇ ಹುಡುಗಿ, “ಇಲ್ಲಂತ ಅವ್ರ ಬರದಾರ ಅಪ್ಪಾ” ಎಂದು ಪರ್ಸಿನಿಂದ ನಮ್ಮ ಪತ್ರವನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಸಾವಿರಕ್ಕೊಬ್ಬರು ಎಂಬ ನನ್ನ ಸಾಲಿನ ಪಕ್ಕದ ಅಂಚಿನಲ್ಲಿ ಸೀಸದ ಕಡ್ಡಿಯಲ್ಲಿ ಒಂದು ಭಾಗಾಕಾರವಿತ್ತು. “ಸರ, ಇದು ಅರ್ಜಿ ಹಾಕಿದವರ ಲೆಕ್ಕರಿ. ಆ ವರ್ಷ ಪರೀಕ್ಷೆಗೆ ಕೂತವರು 5,92,141 ಮಂದಿ. ನಾಲ್ಕು ಲಕ್ಷಕ್ಕಿಂತ ಹೆಚ್ಚು ಜನ ಬಂದೇ ಇಲ್ಲ. ಬರದವರ ಜೋಡಿ ನಾನ್ಯಾಕ ಸ್ಪರ್ಧಾ ಮಾಡ್ಲಿ? ಭಾಗಿಸಿದ್ರ 583ಕ್ಕ ಒಬ್ಬರು ಬರತಾರ್ರಿ” ಎಂದಳು.

ನಾನು ಕನ್ನಡಕ ಹಾಕಿಕೊಂಡು ಶೇಷದವರೆಗೂ ಪರಿಶೀಲಿಸಿದೆ, ಸರಿಯಾಗಿತ್ತು. ಅವಳ ತಂದೆ ಒಮ್ಮೆ ನನ್ನನ್ನೂ ಒಮ್ಮೆ ಮಗಳನ್ನೂ ನೋಡಿ, ಟೋಪಿಯನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಮೊದಲ ಕಂತಿನ ಹಣವನ್ನು ಎಣಿಸತೊಡಗಿದರು. ಅಂಚಿನಲ್ಲಿ ಅವಳು ಭಾಗಾಕಾರ ಮಾಡಿದ್ದ ಆ ಪ್ರತಿಯನ್ನು ಕೇಳಿ ಇಸಿದುಕೊಂಡು, ಎರಡನೆಯ ಮುದ್ರಣಕ್ಕಾಗಿ ಪ್ರೆಸ್ಸಿಗೆ ನಾನೇ ಹೋಗಿ ಕೊಟ್ಟುಬಂದೆ.