‘ಒರಿಜಿನಲ್’ ಅಂತ ಹೇಳಬೇಡಿ, ಯಾವ ಡಿಸ್‌ಪ್ಲೇ ಅಂತ ಬಿಲ್ಲಿನಲ್ಲಿ ಬರೆಯಿರಿ

ಇವತ್ತು ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಅಂಗಡಿ ಬಾಗಿಲು ತೆಗೆದು ಕಸ ಗುಡಿಸುವಷ್ಟರಲ್ಲಿ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಫೋನು, ಮುಖದಲ್ಲಿ ಅಳು. ಎರಡು ತಿಂಗಳ ಹಿಂದೆ ಬೇರೆ ಕಡೆ ಡಿಸ್‌ಪ್ಲೇ ಹಾಕಿಸಿದ್ದಾಳೆ. ‘ಒರಿಜಿನಲ್, ಆರು ತಿಂಗಳು ವಾರಂಟಿ’ ಅಂದಿದ್ದರಂತೆ. ಹಾಕಿಸಿದ ದಿನದಿಂದ ಸ್ಕ್ರೀನಿನ ಮೇಲಿನ ಬೆರಳಚ್ಚು ಕೆಲಸ ಮಾಡುತ್ತಿಲ್ಲ. ಬ್ಯಾಟರಿ ಸಂಜೆಯೊಳಗೆ ಖಾಲಿ. ವಾಪಸ್ ಹೋಗಿ ಕೇಳಿದ್ದಕ್ಕೆ ‘ಅದು ಸಾಫ್ಟ್‌ವೇರ್ ಪ್ರಾಬ್ಲಂ’ ಅಂತ ಹೇಳಿ ಫೋನ್ ರೀಸೆಟ್ ಮಾಡಿ ಕೊಟ್ಟಿದ್ದಾರೆ. ಬ್ಯಾಕಪ್ ಇದೆಯಾ ಅಂತ ಒಂದು ಮಾತು ಕೇಳಿಲ್ಲ. ಅವಳ ಅಜ್ಜಿ ಕಳಿಸಿದ್ದ ವಾಯ್ಸ್ ಮೆಸೇಜುಗಳೆಲ್ಲ ಹೋದವು. ಅಜ್ಜಿ ಈಗ ಇಲ್ಲ.

ನಾನು ಫೋನ್ ತೆಗೆದುಕೊಂಡು ಪೂರ್ತಿ ಕಪ್ಪಗಿರುವ ಒಂದು ಚಿತ್ರ ತೆರೆದೆ. ಅಂಗಡಿಯ ಲೈಟ್ ಆರಿಸಿ, ಶಟರ್ ಅರ್ಧ ಇಳಿಸಿದೆ. ಆ ಮಾಡೆಲ್‌ಗೆ ಕಂಪನಿಯಿಂದ ಬರುವುದು ಓಎಲ್‌ಇಡಿ ಡಿಸ್‌ಪ್ಲೇ. ಅದರಲ್ಲಿ ಕಪ್ಪು ಅಂದರೆ ಆ ಜಾಗದಲ್ಲಿ ಬೆಳಕೇ ಇರುವುದಿಲ್ಲ, ಕತ್ತಲಲ್ಲಿ ಸ್ಕ್ರೀನ್ ಎಲ್ಲಿ ಮುಗಿಯಿತು ಅಂತ ಸಹ ತಿಳಿಯುವುದಿಲ್ಲ. ಇವಳ ಫೋನು ಬೂದು ಬಣ್ಣದಲ್ಲಿ ಮಂಕಾಗಿ ಹೊಳೆಯುತ್ತಿತ್ತು. ಕೆಳಗಡೆ ಅಂಚಿನಲ್ಲಿ ಬೆಳಕು ಸ್ವಲ್ಪ ಜಾಸ್ತಿ. ಅಂದರೆ ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಿದೆ. ಅದು ಎಲ್‌ಸಿಡಿ ಕಾಪಿ, ನಮ್ಮ ಲೈನಿನಲ್ಲಿ ‘ಇನ್‌ಸೆಲ್’ ಅನ್ನುವ ಮಾಲು.

ಬೆರಳಚ್ಚು ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಅವಳಿಗೆ ಅಲ್ಲೇ ವಿವರಿಸಿದೆ. ಅವಳ ಫೋನಿನಲ್ಲಿ ಸೆನ್ಸರ್ ಸ್ಕ್ರೀನಿನ ಅಡಿಯಲ್ಲಿ ಕೂತಿರುತ್ತದೆ. ಸ್ಕ್ರೀನ್ ಬೆರಳಿನ ಮೇಲೆ ಬೆಳಕು ಬಿಡುತ್ತದೆ, ಬೆರಳಿಗೆ ತಾಗಿ ವಾಪಸ್ ಬಂದ ಬೆಳಕು ಓಎಲ್‌ಇಡಿಯ ಸಂದಿಗಳಿಂದ ಇಳಿದು ಸೆನ್ಸರಿಗೆ ತಲುಪುತ್ತದೆ. ಎಲ್‌ಸಿಡಿ ಕಾಪಿಯಲ್ಲಿ ಮಧ್ಯೆ ಬ್ಯಾಕ್‌ಲೈಟಿನ ಹಾಳೆಗಳು ಅಡ್ಡ ಬರುತ್ತವೆ, ಬೆಳಕು ಕೆಳಗೆ ಇಳಿಯುವುದೇ ಇಲ್ಲ. ಹತ್ತು ಸಲ ರೀಸೆಟ್ ಮಾಡಿದರೂ ಅದು ಸರಿಹೋಗುವುದಿಲ್ಲ. ಇದು ಹಾಕಿದವನಿಗೆ ಗೊತ್ತಿಲ್ಲದ ವಿಷಯವಾ? ಗೊತ್ತಿದ್ದೇ ರೀಸೆಟ್ ಮಾಡಿದ್ದಾನೆ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ಬ್ಯಾಟರಿಯ ಕಥೆಯೂ ಅದೇ. ಓಎಲ್‌ಇಡಿಯಲ್ಲಿ ಡಾರ್ಕ್ ಮೋಡ್ ಹಾಕಿದರೆ ಕರೆಂಟ್ ಉಳಿಯುತ್ತದೆ. ಇನ್‌ಸೆಲ್‌ನಲ್ಲಿ ಚಿತ್ರ ಕಪ್ಪಿರಲಿ ಬಿಳಿ ಇರಲಿ, ಹಿಂದಿನ ಲೈಟ್ ಉರಿಯುತ್ತಲೇ ಇರುತ್ತದೆ. ಇನ್ನೊಂದು, ಈ ಮಾಲು ದಪ್ಪ. ಫ್ರೇಮಿನೊಳಗೆ ಪೂರ್ತಿ ಕೂರುವುದಿಲ್ಲ. ಅವಳ ಫೋನಿನ ಮೇಲಂಚಿನಲ್ಲಿ ಉಗುರು ಹೋಗುವಷ್ಟು ಸಂದಿ ಬಿಟ್ಟಿತ್ತು. ಅಲ್ಲಿಂದ ಧೂಳು ಒಳಗೆ ಹೋಗಿ ಸ್ಪೀಕರ್ ಜಾಲರಿಯೂ ಕಟ್ಟಿಕೊಂಡಿತ್ತು.

ನಾನು ಕಾಪಿ ಮಾಲಿನ ವಿರೋಧಿ ಅಲ್ಲ. ನಾನೂ ಹಾಕುತ್ತೇನೆ. ಹಳೆಯ ಫೋನು, ಇನ್ನೊಂದು ವರ್ಷ ನಡೆದರೆ ಸಾಕು ಅನ್ನುವವರಿಗೆ ಇನ್‌ಸೆಲ್ ಧಾರಾಳ. ಆದರೆ ಅದನ್ನು ಕಾಪಿ ಅಂತ ಹೇಳಿ ಹಾಕಬೇಕು. ಒಂದೇ ಮಾಡೆಲ್‌ಗೆ ಹೋಲ್‌ಸೇಲ್‌ನಲ್ಲಿ ನಾಲ್ಕೈದು ಥರದ ಫೋಲ್ಡರ್, ಅಂದರೆ ಗಾಜು, ಟಚ್ ಎಲ್ಲ ಸೇರಿದ ಡಿಸ್‌ಪ್ಲೇ, ಸಿಗುತ್ತವೆ. ಎಲ್ಲಕ್ಕಿಂತ ಕಡಿಮೆಗೆ ಇನ್‌ಸೆಲ್. ಅದರ ಮೇಲೆ ಹಾರ್ಡ್ ಓಎಲ್‌ಇಡಿ. ಅದರ ತಳ ಗಾಜಿನದು, ಬಣ್ಣ ಚೆನ್ನಾಗಿರುತ್ತದೆ, ಬಿದ್ದರೆ ಬೇಗ ಹೋಗುತ್ತದೆ. ಅದರ ಮೇಲೆ ಸಾಫ್ಟ್ ಓಎಲ್‌ಇಡಿ, ಪ್ಲಾಸ್ಟಿಕ್ ತಳದ್ದು. ಆಮೇಲೆ ಗ್ಲಾಸ್ ಚೇಂಜ್ ಮಾಡಿದ್ದು, ಅಂದರೆ ಕಂಪನಿಯ ಪ್ಯಾನೆಲ್ಲೇ, ಒಡೆದ ಮೇಲ್ಗಾಜು ಮಾತ್ರ ಬದಲಾಯಿಸಿದ್ದು. ಕೊನೆಗೆ ಸರ್ವಿಸ್ ಪ್ಯಾಕ್, ಕಂಪನಿಯೇ ಡಬ್ಬಿಯಲ್ಲಿ ಕೊಡುವುದು. ಮೇಲಿನದಕ್ಕೂ ಕೆಳಗಿನದಕ್ಕೂ ಬೆಲೆಯಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ. ಇದರಲ್ಲಿ ‘ಒರಿಜಿನಲ್’ ಅನ್ನುವ ಮಾತು ಯಾವುದಕ್ಕೆ? ಕೌಂಟರಿನಲ್ಲಿ ಐದಕ್ಕೂ ಅದನ್ನೇ ಅನ್ನುತ್ತಾರೆ. ಗಿರಾಕಿಯೂ ಅದೊಂದನ್ನೇ ಕೇಳುತ್ತಾರೆ. ‘ಅಣ್ಣ, ಒರಿಜಿನಲ್ ತಾನೆ? ವಾರಂಟಿ ಎಷ್ಟು?’

ಈ ವಾರಂಟಿ ವಿಷಯ ಹೇಳದೆ ನನಗೆ ನಿದ್ದೆ ಬರುವುದಿಲ್ಲ. ಮಾಲು ಕೊಡುವವರು ನಮಗೆ ಏನು ವಾರಂಟಿ ಕೊಡುತ್ತಾರೆ ಗೊತ್ತಾ? ಹೆಚ್ಚಿನವರು ಟೆಸ್ಟಿಂಗ್ ವಾರಂಟಿ ಅಷ್ಟೆ. ತಂದು, ಕನೆಕ್ಟರ್ ಹಾಕಿ, ಅಂಟಿಸದೆ ನೋಡಬೇಕು. ಮೇಲಿನ ಫಿಲ್ಮ್ ಕಿತ್ತಿರಬಾರದು, ಹಿಂದಿನ ಸ್ಟಿಕ್ಕರ್ ಹರಿದಿರಬಾರದು, ಫ್ಲೆಕ್ಸ್ ಅನ್ನುವ ತೆಳು ಪಟ್ಟಿ ವೈರು ಮಡಚಿರಬಾರದು, ಗಮ್ ತಾಗಿರಬಾರದು. ಅಂಟಿಸಿದ ಮೇಲೆ ಸ್ಕ್ರೀನಿನಲ್ಲಿ ಗೆರೆ ಬಂದರೆ ಕೆಲವರು ಒಂದಷ್ಟು ದಿನ ವಾಪಸ್ ತೆಗೆದುಕೊಳ್ಳುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಅದಕ್ಕೇ ನಾನು ಅಂಟಿಸುವ ಮೊದಲು ಡೆವಲಪರ್ ಆಪ್ಶನ್‌ನಲ್ಲಿ Pointer location ಆನ್ ಮಾಡಿ, ಬೆರಳನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಎಳೆದು ನೋಡುತ್ತೇನೆ. ಬೆರಳು ಹೋದಲ್ಲೆಲ್ಲ ಸ್ಕ್ರೀನಿನಲ್ಲಿ ಗೆರೆ ಮೂಡುತ್ತದೆ. ಅದು ಎಲ್ಲಾದರೂ ತುಂಡಾದರೆ ಆ ಜಾಗದಲ್ಲಿ ಟಚ್ ಸತ್ತಿದೆ. ಆ ಫೋಲ್ಡರ್ ಅವತ್ತೇ ವಾಪಸ್. ಎರಡು ನಿಮಿಷದ ಕೆಲಸ.

ಹಾಗಾದರೆ ಆರು ತಿಂಗಳು ವಾರಂಟಿ ಅನ್ನುವವನ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಅದು ಅವನ ಜೇಬಿನಿಂದಲೇ ಬರಬೇಕು. ಜೇಬಿನಿಂದ ಬರಬೇಕಾದರೆ ಮೊದಲೇ ಬೆಲೆಯಲ್ಲಿ ಸೇರಿಸಿರಬೇಕು. ಒಂದು ಲೆಕ್ಕ ಹೇಳುತ್ತೇನೆ, ಸುಮ್ನೆ ತಿಳಿಯಲಿ ಅಂತ. ಫೋಲ್ಡರ್ ನನಗೆ 100ಕ್ಕೆ ಬಿತ್ತು, ಕೂಲಿ 30 ಅಂತಿಟ್ಟುಕೊಳ್ಳಿ. 20 ಫೋನಿಗೆ ಹಾಕಿದೆ. ಮೊದಲ ತಿಂಗಳಲ್ಲಿ ಎರಡು ವಾಪಸ್ ಬಂದವು. ಮಾಲು ಕೊಟ್ಟವರು ಒಂದನ್ನು ಬದಲಾಯಿಸಿದರು, ಇನ್ನೊಂದು ನನ್ನ ತಲೆಗೆ. ಅಲ್ಲಿಗೆ 100 ಹೋಯಿತು. ಎರಡನ್ನೂ ಬಿಚ್ಚಿ ಮತ್ತೆ ಹಾಕಿದ ಕೂಲಿ 60. ಒಟ್ಟು 160. 20 ಫೋನಿಗೆ ಹಂಚಿದರೆ ತಲಾ 8. ಅಂದರೆ ಒಂದು ತಿಂಗಳ ವಾರಂಟಿ ನಿಜವಾಗಿ ಕೊಡುವವನು 138 ಕೇಳಬೇಕು.

ಅದೇ ಆರು ತಿಂಗಳು ಅಂದರೆ? ನಾಲ್ಕು ವಾಪಸ್ ಬಂದವು, ಬದಲಾಗಿದ್ದು ಒಂದೇ ಅಂತಿಟ್ಟುಕೊಳ್ಳಿ. ಮೂರು ಫೋಲ್ಡರಿನ 300, ನಾಲ್ಕರ ಕೂಲಿ 120, ಒಟ್ಟು 420. ತಲಾ 21. ಆಗ ಬೆಲೆ 151. ಹಾಕುವಾಗ ನನ್ನ ಕೈಯಲ್ಲೇ ಫ್ಲೆಕ್ಸ್ ಹರಿದು ಹೋದ ಪೀಸುಗಳನ್ನು ಇನ್ನೂ ಸೇರಿಸಿಲ್ಲ. ಈಗ ಯಾರಾದರೂ ಅದೇ ಡಿಸ್‌ಪ್ಲೇ 115ಕ್ಕೆ, ಆರು ತಿಂಗಳು ವಾರಂಟಿ ಸಮೇತ ಅಂದರೆ, ಒಂದೋ ಅದು ಅದೇ ಡಿಸ್‌ಪ್ಲೇ ಅಲ್ಲ, ಇಲ್ಲವೋ ಆ ವಾರಂಟಿ ಕೊಡುವ ಮನಸ್ಸು ಅವನಿಗಿಲ್ಲ. ಫೋನ್ ತಂದ ದಿನ ‘ಫಿಸಿಕಲ್ ಡ್ಯಾಮೇಜ್’ ಅನ್ನುತ್ತಾನೆ, ಮುಗೀತು.

ನಮ್ಮ ಲೈನಿನ ಗೆಳೆಯರು ಇದನ್ನು ಓದಿ ಏನು ಹೇಳುತ್ತಾರೆ ಅಂತ ಗೊತ್ತು. ‘ಗಿರಾಕಿಗೆ ಇಷ್ಟೆಲ್ಲ ಹೇಳುತ್ತ ಕೂತರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಅವರಿಗೆ ಬೇಕಿರೋದು ಕಡಿಮೆ ರೇಟು ಅಷ್ಟೆ.’ ಹೌದು, ಕೆಲವರು ಹೋಗುತ್ತಾರೆ. ನನ್ನ ಅಂಗಡಿಯಿಂದಲೂ ಹೋಗಿದ್ದಾರೆ. ಆದರೆ ಕಡಿಮೆ ರೇಟು ಬೇಕು ಅನ್ನುವವರಿಗೆ ಇನ್‌ಸೆಲ್ ಇದೆಯಲ್ಲ, ಹೆಸರು ಹೇಳಿ ಅದನ್ನೇ ಹಾಕಿ. ಬೆರಳಚ್ಚು ಬರುವುದಿಲ್ಲ, ಪಿನ್ ಹಾಕಿಕೊಳ್ಳಿ ಅನ್ನಿ. ಒಪ್ಪುವವರು ಎಷ್ಟೋ ಜನ ಇದ್ದಾರೆ. ಆಮೇಲೆ ಅವರು ಬಂದು ಜಗಳ ಆಡುವುದಿಲ್ಲ. ಹೇಳದೆ ಹಾಕಿದವರ ಅಂಗಡಿಯಲ್ಲೇ ದಿನಾ ಜಗಳ.

ಈ ‘ಫಿಸಿಕಲ್ ಡ್ಯಾಮೇಜ್’ ಅನ್ನುವ ಮಾತನ್ನು ನಾನೂ ಒಮ್ಮೆ ತಪ್ಪಾಗಿ ಬಳಸಿದ್ದೇನೆ. ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಅಂಗಡಿ ಹಾಕಿದ ಹೊಸತು. ವಯಸ್ಸಾದ ಒಬ್ಬರಿಗೆ ಹಾರ್ಡ್ ಓಎಲ್‌ಇಡಿ ಹಾಕಿಕೊಟ್ಟೆ. ಹತ್ತು ದಿನಕ್ಕೆ ಬಂದರು. ಗಾಜಿನಲ್ಲಿ ಒಂದೇ ಒಂದು ಸೀಳು, ಮೂಲೆಯಿಂದ ಕರಿ ಶಾಯಿ ಹರಡಿದ ಹಾಗೆ ಕಲೆ. ‘ಬೀಳಿಸಿಲ್ಲಪ್ಪಾ, ಮೇಜಿನ ಮೇಲೆ ಇಟ್ಟಿದ್ದೆ’ ಅಂದರು. ನಾನು ನಂಬಲಿಲ್ಲ. ಬಿದ್ದಿರಬೇಕು ಸರ್, ವಾರಂಟಿ ಬರುವುದಿಲ್ಲ ಅಂದೆ. ಅವರು ವಾದ ಮಾಡಲಿಲ್ಲ. ಪೂರ್ತಿ ದುಡ್ಡು ಕೊಟ್ಟು ಇನ್ನೊಂದು ಹಾಕಿಸಿಕೊಂಡು ಹೋದರು.

ಅದನ್ನು ಬಿಚ್ಚುವಾಗ ಫ್ರೇಮಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದೆ. ಒಂದು ಮೂಲೆಯಲ್ಲಿ ಸ್ಕೇಲಿನ ಅಡಿಯಿಂದ ಬೆಳಕು ಕಾಣುತ್ತಿತ್ತು. ಮೊದಲ ಸಲ ಬಿದ್ದಾಗಲೇ ಫ್ರೇಮ್ ಬಗ್ಗಿತ್ತು. ನಾನು ಅದನ್ನು ನೆಟ್ಟಗೆ ಮಾಡದೆ ಹೊಸ ಗಾಜನ್ನು ಒತ್ತಿ ಕೂರಿಸಿದ್ದೆ. ಬಗ್ಗಿದ ಮೂಲೆ ದಿನಾ ಗಾಜನ್ನು ತಳ್ಳಿ ತಳ್ಳಿ ಕೊನೆಗೆ ಸೀಳಿತು. ಸಾಮಾನ್ಯವಾಗಿ ಬಿದ್ದ ಗಾಜಿನಲ್ಲಿ ಏಟು ಬಿದ್ದ ಜಾಗ ಕಾಣುತ್ತದೆ. ಅಲ್ಲಿ ಗಾಜು ಪುಡಿಯಾಗಿರುತ್ತದೆ, ಅಲ್ಲಿಂದ ಜೇಡರ ಬಲೆ ಥರ ಗೆರೆಗಳು ಹೊರಡುತ್ತವೆ. ಒತ್ತಡಕ್ಕೆ ಸೀಳಿದ್ದಕ್ಕೆ ಏಟಿನ ಗುರುತು ಇರುವುದಿಲ್ಲ, ಅಂಚಿನಿಂದ ಹೊರಟ ಒಂದೆರಡು ಗೆರೆ ಮಾತ್ರ. ಬ್ಯಾಟರಿ ಉಬ್ಬಿ ಹಿಂದಿನಿಂದ ತಳ್ಳಿದರೂ ಹೀಗೇ ಆಗಬಹುದು. ಆ ದಿನ ಅವರನ್ನು ಕೂಗಿ ದುಡ್ಡು ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಅವರು ಮತ್ತೆ ಬರಲೂ ಇಲ್ಲ. ಇಂದಿಗೂ ಸ್ಕೇಲ್ ಕೈಗೆತ್ತಿಕೊಂಡಾಗ ಅವರ ಮುಖ ನೆನಪಾಗುತ್ತದೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೂರು ಥರದ ಡಿಸ್‌ಪ್ಲೇ, ಮೂರರ ಬೆಲೆ, ಯಾವುದರಲ್ಲಿ ಏನು ಬರುತ್ತದೆ ಏನು ಬರುವುದಿಲ್ಲ ಅಂತ ಹಾಳೆಯಲ್ಲಿ ಬರೆದು ಕೊಟ್ಟೆ. ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ಬಂದು ಸಾಫ್ಟ್ ಓಎಲ್‌ಇಡಿ ಹಾಕಿ ಅಂದಳು. ಕಾಪಿ ಓಎಲ್‌ಇಡಿಯಲ್ಲಿ ಬೆರಳಚ್ಚು ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ಹಾಕಿ ನೋಡಿಯೇ ಹೇಳಬೇಕು, ಬರದಿದ್ದರೆ ಅಂಟಿಸುವುದಿಲ್ಲ ಅಂತ ಮೊದಲೇ ಹೇಳಿದೆ. ಮಧ್ಯಾಹ್ನ ಮಾಲು ಬಂತು. ಬ್ಯಾಟರಿ ಕನೆಕ್ಟರ್ ತೆಗೆದು, ಹೊಸ ಡಿಸ್‌ಪ್ಲೇ ಜೋಡಿಸಿ, ಅವಳ ಎದುರಿಗೇ ಬೆರಳಚ್ಚು ಸೇರಿಸಿದೆವು. ಎರಡನೇ ಪ್ರಯತ್ನಕ್ಕೆ ಲಾಕ್ ತೆರೆಯಿತು. ಸ್ಕೇಲ್ ಇಟ್ಟು ಫ್ರೇಮ್ ನೋಡಿದೆ, ನೆಟ್ಟಗಿತ್ತು. ಹಳೆಯ ಗಮ್ ಎಲ್ಲ ಕೆರೆದು ತೆಗೆದು ಅಂಟಿಸಿದೆ.

ಬಿಲ್ಲಿನಲ್ಲಿ ‘ಸಾಫ್ಟ್ ಓಎಲ್‌ಇಡಿ, ಕಾಪಿ, ಗೆರೆ ಮತ್ತು ಟಚ್‌ಗೆ ಮೂರು ತಿಂಗಳು, ಒಡೆದರೆ ಇಲ್ಲ, ಫೋನ್ ಬಿಚ್ಚಿರುವುದರಿಂದ ನೀರು ತಾಗಿಸಬಾರದು’ ಅಂತ ಬರೆದೆ. ಅವಳು ನಿಧಾನವಾಗಿ ಪೂರ್ತಿ ಓದಿದಳು. ‘ಅಣ್ಣಾ, ಬೆರಳಚ್ಚು ಕೆಲಸ ಮಾಡ್ತಿದೆ ಅಂತಾನೂ ಬರೀರಿ’ ಅಂದಳು. ಬರೆದು ಸಹಿ ಮಾಡಿದೆ. ಫೋನು ಈಗ ನನ್ನ ಟೇಬಲ್ ಮೇಲೆ ಕ್ಲಿಪ್ಪು, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿದೆ. ಗಮ್ ಒಣಗಲಿ, ನಾಳೆ ಸಂಜೆ ಕೊಡುತ್ತೇನೆ.