ಸ್ಟಾರ್ಟರ್ ಯಾರದ್ದು?

ತುಮಕೂರಿನ ಬಿ.ಎಚ್. ರಸ್ತೆಯ ಎಸಿ ಹೋಟೆಲಿನಲ್ಲಿ ಬಿಲ್ಲು ಸೋಂಪಿನ ಜೊತೆ ಬರುತ್ತದೆ. ಸೋಂಪಿಗೆ ನಾಲ್ಕು ಕೈ ಒಟ್ಟಿಗೆ ಬೀಳುತ್ತವೆ. ಬಿಲ್ಲಿನ ಕಡೆ ಯಾರೂ ನೋಡುವುದಿಲ್ಲ.

ನಮ್ಮದು ಸ್ಕೂಲಿನ ಕಾಲದ ಗುಂಪು. ಈಗ ಹೆಸರು ಹಿಡಿದು ಯಾರನ್ನೂ ಕರೆಯುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವವನು ಸಾಫ್ಟ್‌ವೇರು. ಅಡಿಕೆ ವ್ಯಾಪಾರದವನು ಮಂಡಿ. ಕಾಲೇಜಿನ ಅತಿಥಿ ಉಪನ್ಯಾಸಕ ಮೇಷ್ಟ್ರು. ಅವರ ಗೌರವಧನ ಬಂದಾಗ ಬಂತು. ನಾನು ಗುಮಾಸ್ತ, ಹಾಗಾಗಿ ಲೆಕ್ಕ ಯಾವಾಗಲೂ ನನ್ನ ತಲೆಗೆ.

ಒಂದು ರಾತ್ರಿಯ ಬಿಲ್ಲು ಹೀಗಿತ್ತು. ರೋಟಿ, ಎರಡು ಪಲ್ಯ, ಜೀರಾ ರೈಸ್ ಎಲ್ಲರಿಗೂ ಸೇರಿ 1200 ರೂಪಾಯಿ. ಸಾಫ್ಟ್‌ವೇರು ಕೂತ ಕೂಡಲೇ ತರಿಸಿದ ಮೂರು ಸ್ಟಾರ್ಟರ್ 720. ಮೂವರಿಗೆ ಬಣ್ಣಬಣ್ಣದ ಮಾಕ್‌ಟೇಲ್ 540. ಮೇಷ್ಟ್ರಿಗೆ ಮಜ್ಜಿಗೆ 40. ಒಟ್ಟು 2500, ಮೇಲೆ ಶೇಕಡಾ 5 ಜಿಎಸ್‌ಟಿ ಸೇರಿ 2625.

"ಡಿವೈಡ್ ಬೈ ಫೋರ್ ಮಾಡ್ರೋ, ಮುಗೀತು," ಅಂದ ಸಾಫ್ಟ್‌ವೇರು. ತಲೆಗೆ 656 ರೂಪಾಯಿ 25 ಪೈಸೆ. ಮಜ್ಜಿಗೆ ಕುಡಿದ ಮೇಷ್ಟ್ರದ್ದು ನಿಜವಾಗಿ 300 ಮತ್ತು 40, ತೆರಿಗೆ ಸೇರಿ 357. ಅಂದರೆ ಆ ರಾತ್ರಿ ನಮ್ಮೆಲ್ಲರಿಗೂ ಮುನ್ನೂರು ರೂಪಾಯಿ ಪಾರ್ಟಿ ಕೊಟ್ಟವರು ಮೇಷ್ಟ್ರು! ಪಾಪ, ಅವರಿಗೇ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇನೋ, ಮುಂದಿನ ಸಲ ಕರೆದಾಗ ಮನೆಗೆ ನೆಂಟರು ಬಂದಿದ್ದರು.

ಸಮಪಾಲು ಅಂದರೆ ಎಲ್ಲರ ಕೈಯೂ ಧಾರಾಳವಾಗುತ್ತದೆ. ಸಂಶೋಧಕರು ಇಸ್ರೇಲಿನ ಹೋಟೆಲೊಂದರಲ್ಲೇ ಇದನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ್ದಾರೆ. ಬಿಲ್ಲು ಸಮನಾಗಿ ಹಂಚುತ್ತೇವೆ ಅಂದಾಗ ಜನ ಜಾಸ್ತಿ ತರಿಸಿದರು. ನಿಮ್ಮದು ನೀವೇ ಕೊಡಿ ಅಂದಾಗ ಕಡಿಮೆ. ನಮ್ಮ ಮಂಡಿಯೂ ಅಷ್ಟೇ. ಒಬ್ಬನೇ ಬಂದರೆ ಅನ್ನ ಸಾರು, ನಾಲ್ಕು ಜನ ಇದ್ದರೆ ಗಡ್‌ಬಡ್ ಐಸ್‌ಕ್ರೀಮ್.

ಹಾಗಂತ ತಿಂದ ರೋಟಿ ಎಣಿಸಲು ಆಗುತ್ತದಾ? "ನೀನು ಮೂರು, ನಾನು ಎರಡೂವರೆ" ಅಂತ ಶುರುವಾದರೆ ಮುಂದಿನ ಊಟವೇ ಇರುವುದಿಲ್ಲ. ಸಂಬಳದ ಪ್ರಕಾರ ಹಂಚೋಣ ಅಂತ ಸಾಫ್ಟ್‌ವೇರು ಒಮ್ಮೆ ಹೇಳಿದ. ಎಲ್ಲರೂ ಮೌನವಾದರು. ಮಂಡಿ ತನ್ನ ಆದಾಯ ಹೆಂಡತಿಗೇ ಹೇಳಿಲ್ಲ, ನಮಗೆ ಹೇಳುತ್ತಾನಾ? ಅದೂ ಅಲ್ಲದೆ ಸಾಫ್ಟ್‌ವೇರಿನ ಸಂಬಳದಲ್ಲಿ ಅರ್ಧ ಫ್ಲ್ಯಾಟಿನ ಇಎಂಐಗೆ ಹೋಗುತ್ತದೆ.

ಈಗ ನಾವು ಬಿಲ್ಲು ಬಂದ ಮೇಲೆ ಲೆಕ್ಕ ಮಾಡುವುದಿಲ್ಲ, ಆರ್ಡರ್ ಹೇಳುವಾಗಲೇ ಮುಗಿಸುತ್ತೇವೆ. ವೇಟರ್ ಬಂದ ತಕ್ಷಣ ಸಾಫ್ಟ್‌ವೇರು "ಸ್ಟಾರ್ಟರ್ ನಂದು" ಅನ್ನುತ್ತಾನೆ. ಆಗ ಗೋಬಿ ಎಲ್ಲರೂ ನೆಮ್ಮದಿಯಾಗಿ ತಿನ್ನಬಹುದು. ಅದೇ ಮಾತು ಬಿಲ್ಲು ಬಂದ ಮೇಲೆ ಹೇಳಿದರೆ ದಾನದ ಥರ ಕೇಳಿಸುತ್ತದೆ. ಊಟ ಸಮಪಾಲು, ಕುಡಿಯುವುದು ಅವರವರದ್ದು. ಅದೇ ಬಿಲ್ಲಿಗೆ ಹೀಗೆ ಮಾಡಿದ್ದರೆ ಮೇಷ್ಟ್ರಿಗೆ 357, ನನಗೂ ಮಂಡಿಗೂ ತಲಾ 504, ಉಳಿದ 1260 ಸಾಫ್ಟ್‌ವೇರಿಗೆ. ಅಷ್ಟು ಕರಾರುವಾಕ್ಕಾಗಿ ಹೇಳಬೇಕಿಲ್ಲ. "ಮೇಷ್ಟ್ರೇ ಮುನ್ನೂರೈವತ್ತು, ನಾವಿಬ್ಬರೂ ಐನೂರೈನೂರು" ಅಂತ ಕೆಳಗೆ ಇಳಿಸಿ ಹೇಳುತ್ತೇನೆ. ಚಿಲ್ಲರೆಯೆಲ್ಲ ಫೋನ್ ಸ್ಕ್ಯಾನ್ ಮಾಡಿ ಪೂರ್ತಿ ಬಿಲ್ಲು ಕಟ್ಟುವ ಸಾಫ್ಟ್‌ವೇರಿನ ಕಡೆ. ಹದಿನೈದು ರೂಪಾಯಿಗೆ ಅವನೇನೂ ಸೊರಗಿಲ್ಲ.

ಆದರೂ ಮೆನು ಕಾರ್ಡಿನ ಬಲಗಡೆಯನ್ನೇ ಓದುತ್ತಾ ಯಾರಾದರೂ "ನನಗೆ ಹಸಿವಿಲ್ಲ ಕಣ್ರೋ" ಅಂದರೆ ಹೋಟೆಲೇ ದುಬಾರಿಯಾಯಿತು ಅಂತ ಅರ್ಥ. ಆಗ ಯಾವ ಹಂಚಿಕೆಯೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಜಾಗ ಆರಿಸುವುದು ಈಗ ಮೇಷ್ಟ್ರ ಕೆಲಸ. "ಇಷ್ಟರೊಳಗೆ ಸಾಕಾ?" ಅಂತ ನಾವು ಯಾರೂ ಕೇಳುವುದಿಲ್ಲ.

ಪೂರ್ತಿ ಬಿಲ್ಲು ಸಾಫ್ಟ್‌ವೇರೇ ಕೊಡಲಿ ಅಂತ ಮಂಡಿ ಹೇಳುತ್ತಲೇ ಇರುತ್ತಾನೆ. ಎರಡು ಸಲ ನಡೆಯುತ್ತದೆ, ಮೂರನೇ ಸಲ ಮೇಷ್ಟ್ರು ಬರುವುದಿಲ್ಲ. ಅವರಿಗೂ ಒಂದು ಸರದಿ ಬೇಕು. ಅವರ ಸರದಿಗೆ ನಾವು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗುತ್ತೇವೆ. ಅದೂ ಒಂದು ಸರದಿ, ಎಸಿ ಹೋಟೆಲೂ ಒಂದು ಸರದಿ. ರೂಪಾಯಿ ಹೋಲಿಸುವ ಹಾಗಿಲ್ಲ.

ಹೋದ ಸಲ ಕ್ಯಾಷಿಯರ್ ಮುಂದೆ ಸಾಫ್ಟ್‌ವೇರು ಅಭ್ಯಾಸಬಲದಿಂದ ಫೋನ್ ತೆಗೆದ. ಮೇಷ್ಟ್ರು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

"ಒಳಗಿಡೋ ಅದನ್ನ. ಇನ್ನೊಂದು ಇಡ್ಲಿ ಬೇಕಾ, ಅದನ್ನ ಹೇಳು."

ಸಾಫ್ಟ್‌ವೇರು ಎರಡು ಬೇಕು ಅಂದ. ಬೆಣ್ಣೆ ಜಾಸ್ತಿ ಹಾಕಿಸಿಕೊಂಡ.